ದವಾಖಾನೆಯ ಬೆಂಚಿನ ಎದುರು ಏನು ಬರೆಯಬೇಕು?

ಪ್ರಶ್ನೆ: ಡಾಕ್ಟರ್ ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಮಳೆ ಬಿದ್ದಾಗಿನಿಂದ ಜ್ವರ, ಕೆಮ್ಮು ಅಂತ ದಿನಕ್ಕೆ ನೂರರ ಹತ್ತಿರ ಜನ ಬರ್ತಾರೆ. ಕಾಯುವ ಜಾಗಕ್ಕೆ ಒಂದು ಪೋಸ್ಟರ್ ಬರೆಯಿರಿ ಅಂತ ನಮ್ಮ ಡಾಕ್ಟರು ಹೇಳಿದ್ರು. ಹದಿನೈದು ಸಾಲು ಬರೆದು ಹಾಕಿದೆ. ಮೊದಲ ಸಾಲು, "ವೈಯಕ್ತಿಕ ಸ್ವಚ್ಛತೆ ಕಾಪಾಡಿ, ಸಾಂಕ್ರಾಮಿಕ ಜ್ವರದಿಂದ ದೂರವಿರಿ." ಯಾರೂ ಓದಲ್ಲ. ಮೊಣಕೈಗೆ ಕೆಮ್ಮಿ ಅಂದ್ರೆ ಹೆಣ್ಮಕ್ಕಳು ನಗ್ತಾರೆ. ನಳದಲ್ಲಿ ನೀರು ಮುಂಜಾನೆ ಎರಡು ತಾಸು ಮಾತ್ರ. ಸ್ಯಾನಿಟೈಸರ್ ಬಾಟಲಿ ಇಟ್ಟರೆ ಸಾಕಾಗುತ್ತಾ? ಪೋಸ್ಟರಿನಲ್ಲಿ ನಿಜವಾಗಿ ಏನು ಬರೆಯಬೇಕು?

ಉತ್ತರ: ಸಿಸ್ಟರ್, ನಿಮ್ಮ ಮೊದಲ ಸಾಲಿನಿಂದಲೇ ಶುರು ಮಾಡೋಣ. ಬೆಂಚಿನ ಮೇಲೆ ಜ್ವರದಲ್ಲಿ ಕೂತಿರುವ ಒಬ್ಬ ಹೆಂಗಸು ಆ ಸಾಲು ಓದಿದಳು ಅಂದುಕೊಳ್ಳಿ. ಓದಿ ಮುಗಿದ ಮೇಲೆ ಅವಳು ಏನು ಮಾಡಬೇಕು? ಎದ್ದು ಹೋಗಬೇಕಾ, ಕೈ ತೊಳೆಯಬೇಕಾ, ಮನೆಗೆ ಹೋಗಿ ಅಂಗಳ ಗುಡಿಸಬೇಕಾ? ಆ ಸಾಲಿನಲ್ಲಿ ಅದಕ್ಕೆ ಉತ್ತರ ಇಲ್ಲ. ಕಾಯುವ ಜಾಗದ ಬರಹಕ್ಕೆ ಇರುವುದು ಒಂದೇ ಕೆಲಸ. ಅಲ್ಲಿ ಕೂತವರು ಮುಂದಿನ ಒಂದು ನಿಮಿಷದಲ್ಲಿ ಬಾಯಿ, ಮೂಗು, ಕೈಯಿಂದ ಏನು ಮಾಡಬೇಕು ಅಂತ ಅದು ಹೇಳಬೇಕು. ಆ ಕೆಲಸಕ್ಕೆ ಬೇಕಾದ ವಸ್ತು ಕೈಗೆಟುಕುವ ದೂರದಲ್ಲಿ ಇರಬೇಕು. ನಳದಲ್ಲಿ ನೀರಿಲ್ಲದ ದವಾಖಾನೆಯಲ್ಲಿ "ಕೈ ತೊಳೆಯಿರಿ" ಅಂತ ಬರೆದರೆ ಜನ ಆ ಗೋಡೆಯನ್ನೇ ನೋಡುವುದು ಬಿಡುತ್ತಾರೆ.

ಇನ್ನೊಂದು ತೊಂದರೆಯೂ ಆ ಸಾಲಿನಲ್ಲಿದೆ. ಸ್ವಚ್ಛವಾಗಿದ್ದರೆ ಜ್ವರ ಬರಲ್ಲ ಅಂತ ಅದು ಸೂಚಿಸುತ್ತದೆ. ನಮ್ಮ ಭಾಗದಲ್ಲಿ ಆಗಸ್ಟಿನಿಂದ ಅಕ್ಟೋಬರ್ ತನಕ ಬರುವ ಜ್ವರಗಳೆಲ್ಲ ಒಂದೇ ದಾರಿಯಿಂದ ಬರುವುದಿಲ್ಲ. ಫ್ಲೂ ಮತ್ತು ಅದರ ಜಾತಿಯ ಕೆಮ್ಮು-ನೆಗಡಿ ಜ್ವರಗಳು ಕೆಮ್ಮಿದಾಗ ಹಾರುವ ಹನಿಗಳಿಂದ ಮತ್ತು ಕೈಯಿಂದ ಹರಡುತ್ತವೆ. ಡೆಂಗಿ, ಚಿಕೂನ್‌ಗುನ್ಯಾ, ಮಲೇರಿಯಾ ಹರಡುವುದು ಸೊಳ್ಳೆಯಿಂದ. ಟೈಫಾಯ್ಡ್ ನೀರು ಮತ್ತು ಊಟದ ಮೂಲಕ ಬರುತ್ತದೆ. ಎಷ್ಟೇ ಕೈ ತೊಳೆದರೂ ಡೆಂಗಿ ತಪ್ಪುವುದಿಲ್ಲ. ದಿನಾ ಶ್ರದ್ಧೆಯಿಂದ ಕೈ ತೊಳೆದ ಮನೆಯಲ್ಲಿ ಡೆಂಗಿ ಬಂದರೆ ಅವರು ನಿಮ್ಮ ಮುಂದಿನ ಮಾತನ್ನೂ ನಂಬುವುದಿಲ್ಲ. ಕೈ ತೊಳೆದೆವಲ್ಲ ಅಂತ ಮನೆಯ ಡ್ರಮ್ಮು ಖಾಲಿ ಮಾಡುವುದನ್ನು ಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಹಾಗಾಗಿ ಈ ಪೋಸ್ಟರ್ "ಕೆಮ್ಮು-ನೆಗಡಿ ಜ್ವರ"ದ ಬಗ್ಗೆ ಮಾತ್ರ ಮಾತಾಡಲಿ. ಸೊಳ್ಳೆಯ ವಿಷಯಕ್ಕೆ ಬೇರೆ ಹಾಳೆ, ಬೇರೆ ಗೋಡೆ ಇರಲಿ.

"ಹವಾ ಬದಲಾಗಿದೆ, ಮಳೆಯಲ್ಲಿ ನೆನೆದದ್ದಕ್ಕೆ ಜ್ವರ" ಅಂತ ಬೆಂಚಿನಲ್ಲಿ ಕೂತವರು ಹೇಳುತ್ತಾರೆ. ಅವರ ಜೊತೆ ವಾದ ಬೇಡ. ಮಳೆ ನೀರಿನಲ್ಲಿ ಫ್ಲೂ ವೈರಸ್ ಇರುವುದಿಲ್ಲ. ಆದರೆ ಮಳೆ ಬಂದಾಗ ಎಲ್ಲರೂ ಬಾಗಿಲು ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಒಬ್ಬರ ಉಸಿರು ಇನ್ನೊಬ್ಬರಿಗೆ ಸಿಗುತ್ತದೆ. ಅವರು ಕಂಡದ್ದು ಸುಳ್ಳಲ್ಲ, ಹೇಳುವ ಕಾರಣ ಮಾತ್ರ ಬೇರೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಪೋಸ್ಟರಿನಲ್ಲಿ ಬರೆಯುವುದು ಬೇಡ.

ಈಗ ಕೆಮ್ಮಿನ ವಿಷಯ. ಇದರಲ್ಲಿ ಒಳ್ಳೆಯ ಉದ್ದೇಶದಿಂದಲೇ ಮಾಡುವ ಒಂದು ತಪ್ಪಿದೆ. ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯಬೇಕು ಅಂತ ನಮಗೆಲ್ಲ ಚಿಕ್ಕಂದಿನಲ್ಲಿ ಕಲಿಸಿದ್ದಾರೆ. ಮರ್ಯಾದೆಯ ದೃಷ್ಟಿಯಿಂದ ಅದು ಸರಿ. ಆದರೆ ಕೆಮ್ಮಿನ ಹನಿ ಪೂರ್ತಿ ಅಂಗೈಗೆ ಬೀಳುತ್ತದೆ. ಅದೇ ಕೈ ಚೀಟಿ ತೆಗೆದುಕೊಳ್ಳುತ್ತದೆ, ನಿಮ್ಮ ಪೆನ್ನು ಹಿಡಿಯುತ್ತದೆ, ಬಾಗಿಲು ನೂಕುತ್ತದೆ, ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಟ್ಟುತ್ತದೆ. ಫ್ಲೂ ವೈರಸ್ ಸ್ಟೀಲ್, ಪ್ಲಾಸ್ಟಿಕ್‌ನಂಥ ಗಟ್ಟಿ ಮೇಲ್ಮೈಗಳ ಮೇಲೆ 24ರಿಂದ 48 ಗಂಟೆ ಬದುಕಬಲ್ಲದು. ಇನ್ನೊಬ್ಬರು ಅದನ್ನು ಮುಟ್ಟಿ ಕಣ್ಣು ಉಜ್ಜಿಕೊಂಡರೆ ಮುಗಿಯಿತು. ನಾವು ಗೊತ್ತಿಲ್ಲದೆ ಮುಖ ಮುಟ್ಟಿಕೊಳ್ಳುವುದು ತುಂಬಾ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ ಎಣಿಸಿದಾಗ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರು. ಅದೂ ವಿಷಯ ಓದಿ ತಿಳಿದವರು.

ಅದಕ್ಕೇ ಮೊಣಕೈ ಅನ್ನುವುದು. ಮೊಣಕೈ ಮಡಿಕೆಯಿಂದ ನಾವು ಏನನ್ನೂ ಮುಟ್ಟುವುದಿಲ್ಲ, ಅಲ್ವಾ? ಕಾರಣ ಅಷ್ಟೇ. ಆದರೆ ನಮ್ಮ ಹೆಣ್ಣುಮಕ್ಕಳು ನಗುವುದಕ್ಕೂ ಕಾರಣ ಇದೆ. ಅವರ ಹತ್ತಿರ ಸೆರಗು ಇದೆ. ಬಾಯಿಗೆ ಸೆರಗು ಅಡ್ಡ ಹಿಡಿಯುವುದು ಅವರಿಗೆ ಮೊದಲಿನಿಂದ ರೂಢಿ. ಗಂಡಸರ ಹೆಗಲ ಮೇಲೆ ಟವೆಲ್ಲಿದೆ, ಜೇಬಿನಲ್ಲಿ ದಸ್ತಿ ಇದೆ. ಇವನ್ನೆಲ್ಲ ಬಿಟ್ಟು ಬೇರೆ ದೇಶದ ಪೋಸ್ಟರಿನ ಚಿತ್ರದ ಹಾಗೆ ಮೊಣಕೈ ಎತ್ತಿ ಅಂತ ಹೇಳುವ ಅಗತ್ಯ ಇಲ್ಲ. ಬಟ್ಟೆ ಇದ್ದವರು ಬಟ್ಟೆ ಹಿಡಿಯಲಿ. ಇಲ್ಲದವರಿಗೆ, ಮುಖ್ಯವಾಗಿ ಶಾಲೆ ಮಕ್ಕಳಿಗೆ, ಮೊಣಕೈ.

ಆದರೆ ಸೆರಗಿನಲ್ಲಿ ಒಂದು ಅಪಾಯ ಇದೆ, ಅದನ್ನು ನೀವು ದಿನಾ ನೋಡುತ್ತಿರುತ್ತೀರಿ. ತಾಯಿ ಸೆರಗಿಗೆ ಕೆಮ್ಮುತ್ತಾಳೆ. ಎರಡು ನಿಮಿಷ ಬಿಟ್ಟು ಅದೇ ಸೆರಗಿನಲ್ಲಿ ಕೂಸಿನ ಮೂಗು ಒರೆಸುತ್ತಾಳೆ. ಹನಿ ಎಲ್ಲಿಗೆ ಹೋಗಬಾರದಿತ್ತೋ ನೇರವಾಗಿ ಅಲ್ಲಿಗೇ ಹೋಯಿತು. ಹಾಗಾಗಿ ಸೆರಗು ಹಿಡಿಯಿರಿ ಅಂದರೆ ಸಾಲದು, "ಅದೇ ಸೆರಗಿನಿಂದ ಮಗುವಿನ ಮುಖ ಒರೆಸಬೇಡಿ" ಅಂತಲೂ ಹೇಳಬೇಕು. ಮೊಣಕೈಗೂ ಇಂಥದ್ದೇ ಒಂದು ಮಿತಿ ಇದೆ. ಕೂಸನ್ನು ಎತ್ತಿಕೊಂಡವರ ಮೊಣಕೈ ಮಡಿಕೆಯಲ್ಲಿ ಕೂಸಿನ ತಲೆಯೇ ಇರುತ್ತದೆ! ಅಲ್ಲಿಗೆ ಕೆಮ್ಮಿದರೆ ಮಗುವಿನ ಮುಖಕ್ಕೇ ಕೆಮ್ಮಿದ ಹಾಗೆ. ಅವರು ಮುಖವನ್ನು ಮಗುವಿನಿಂದ ಆಚೆ ಬದಿಗೆ ತಿರುಗಿಸಿ, ಆ ಬದಿಯ ಕೈಯ ಮೇಲ್ತೋಳಿಗೆ ಅಥವಾ ಬಟ್ಟೆಗೆ ಬಾಯಿ ಒತ್ತಿ ಕೆಮ್ಮಬೇಕು. ನಿಮ್ಮ ಕಾಯುವ ಜಾಗದಲ್ಲಿ ಕೂಸು ಎತ್ತಿಕೊಂಡ ತಾಯಂದಿರೇ ಹೆಚ್ಚು ಇರುವಾಗ ಚಿತ್ರವೂ ಅವರದೇ ಇರಲಿ.

ಬಟ್ಟೆಯೋ ಮೊಣಕೈಯೋ, ಬಾಯಿಗೆ ಮೂಗಿಗೆ ಒತ್ತಿ ಹಿಡಿಯಬೇಕು. ಗೇಣು ದೂರದಲ್ಲಿ ಅಡ್ಡ ಹಿಡಿದರೆ ಪ್ರಯೋಜನ ಇಲ್ಲ. ಒತ್ತಿ ಹಿಡಿದರೂ ದೊಡ್ಡ ಹನಿಗಳು ಮಾತ್ರ ನಿಲ್ಲುತ್ತವೆ, ತುಂಬಾ ಸಣ್ಣ ಹನಿಗಳು ಪಕ್ಕದಿಂದ ಹೊರಗೆ ಬರುತ್ತವೆ ಮತ್ತು ಗಾಳಿಯಲ್ಲಿ ತೇಲುತ್ತವೆ. ಅದಕ್ಕೆ ಎರಡು ಉಪಾಯ ಜೊತೆಗೆ ಬೇಕು. ಒಂದು, ಕೆಮ್ಮುತ್ತಿರುವವರಿಗೆ ಮಾಸ್ಕ್. ಮಾಸ್ಕ್ ಕಡಿಮೆ ಇದ್ದರೆ ಎಲ್ಲರಿಗೂ ಹಂಚಬೇಡಿ, ಕೆಮ್ಮುವವರಿಗೆ ಮೊದಲು ಕೊಡಿ. ಹನಿ ಹುಟ್ಟುವ ಜಾಗದಲ್ಲೇ ತಡೆಯುವುದು ಸುಲಭ. 5 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ ಮಾಡಬೇಡಿ. 2 ವರ್ಷದೊಳಗಿನ ಕೂಸಿಗೆ ಹಾಕಲೇಬಾರದು, ಉಸಿರು ಕಟ್ಟಬಹುದು. ಉಸಿರಿಗೆ ಕಷ್ಟ ಪಡುತ್ತಿರುವವರಿಗೂ ಬಲವಂತ ಬೇಡ, ಅವರನ್ನು ಸಾಲಿನಿಂದ ತೆಗೆದು ನೇರ ಒಳಗೆ ಕರೆಯಿರಿ. ಎರಡನೆಯದು ಗಾಳಿ. ಎದುರುಬದುರು ಗೋಡೆಗಳ ಕಿಟಕಿ ಎರಡೂ ತೆರೆದಿರಲಿ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದೇ ಗಾಳಿ ಅಲ್ಲೇ ಸುತ್ತುತ್ತದೆ. ಕೆಮ್ಮುವವರಿಗೆ ಕಿಟಕಿ ಪಕ್ಕದ ಬೆಂಚು ಕೊಡಿ, ಮಿಕ್ಕವರಿಂದ ಕನಿಷ್ಠ ಮೂರು ಅಡಿ ದೂರ ಇರಲಿ. ವರಾಂಡ ಇದ್ದರೆ ಇನ್ನೂ ಒಳ್ಳೆಯದು, ಮಳೆ ಹೊಡೆಯದ ಕಡೆ ಎರಡು ಬೆಂಚು ಹಾಕಿಸಿ.

"ಕೆಮ್ಮು ಇದ್ದವರು ದೂರ ಇರಿ" ಅಂತ ಮಾತ್ರ ಎಂದೂ ಬರೆಯಬೇಡಿ. ನನ್ನ ಅನುಭವದಲ್ಲಿ ಅಂಥ ಬರಹ ಹಾಕಿದ ಕಡೆ ಜನ ಕೆಮ್ಮನ್ನು ಮುಚ್ಚಿಡುತ್ತಾರೆ. ಚೀಟಿ ಬರೆಸುವಾಗ ಬರೀ ಮೈ ನೋವು ಅನ್ನುತ್ತಾರೆ. ಎರಡು ವಾರದಿಂದ ಕೆಮ್ಮುತ್ತಿರುವ ಕ್ಷಯದ ರೋಗಿಯೂ ಹಾಗೇ ಮಾಡಿದರೆ ಆ ಕಾಯಿಲೆ ಕಂಡುಹಿಡಿಯುವ ಅವಕಾಶ ಕೈತಪ್ಪುತ್ತದೆ. ಕೆಮ್ಮು ಇದೆ ಅಂತ ಹೇಳಿಕೊಂಡವರಿಗೆ ಏನಾದರೂ ಅನುಕೂಲ ಸಿಗಬೇಕು. ಒಂದು ಮಾಸ್ಕ್, ಗಾಳಿ ಬರುವ ಜಾಗ, ಬೇಗ ಒಳಗೆ ಕರೆಯುವುದು.

ಇನ್ನು ಕೈ ತೊಳೆಯುವುದಕ್ಕೆ ಬರೋಣ. ಫ್ಲೂ ವೈರಸ್ಸಿನ ಸುತ್ತ ಕೊಬ್ಬಿನ ತೆಳುವಾದ ಹೊದಿಕೆ ಇರುತ್ತದೆ. ಸೋಪು ಆ ಹೊದಿಕೆಯನ್ನು ಒಡೆಯುತ್ತದೆ, ಎಣ್ಣೆ-ಜಿಡ್ಡಿಗೆ ಅಂಟಿರುವ ಕೊಳೆಯನ್ನು ಚರ್ಮದಿಂದ ಬಿಡಿಸುತ್ತದೆ. ಬರೀ ನೀರಿನಿಂದ ಕೈ ತೊಳೆದರೆ ಸ್ವಲ್ಪ ಹೋಗುತ್ತದೆ, ಜಿಡ್ಡಿನ ಜೊತೆ ಅಂಟಿದ್ದು ಉಳಿಯುತ್ತದೆ. ಇದಕ್ಕೆ ದುಬಾರಿ ಸೋಪು ಬೇಕಿಲ್ಲ. ಕ್ರಿಮಿ ಕೊಲ್ಲುವ ಸೋಪು ಅಂತ ಮಾರುವುದು ಮನೆಬಳಕೆಯಲ್ಲಿ ಸಾದಾ ಸೋಪಿಗಿಂತ ಹೆಚ್ಚು ಒಳ್ಳೆಯದು ಅಂತ ಸಾಬೀತಾಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ ಅಂಥ 19 ರಾಸಾಯನಿಕಗಳನ್ನು ಕೈ ಮತ್ತು ಮೈ ತೊಳೆಯುವ ಸೋಪುಗಳಲ್ಲಿ ನಿಲ್ಲಿಸಿತು. ಬಿಸಿ ನೀರೂ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು, ನೊರೆ ಸರಿಯಾಗಿ ಬರಲ್ಲ, ಹಾಗಾಗಿ ಸೋಪು ಕೆಲಸ ಮಾಡಲ್ಲ ಅಂತ ಕೆಲವರು ತಿಳಿಯುತ್ತಾರೆ. ಗಡಸು ನೀರಿನಲ್ಲಿ ಸೋಪಿನ ಒಂದು ಭಾಗ ಸುಣ್ಣದ ಅಂಶದ ಜೊತೆ ಸೇರಿ ಬಿಳಿ ಗಸಿ ಆಗಿ ಹಾಳಾಗುತ್ತದೆ. ಸ್ವಲ್ಪ ಜಾಸ್ತಿ ಸೋಪು ಹಚ್ಚಬೇಕು, ಅಷ್ಟೇ.

ಸಮಯ ಎಷ್ಟು? ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಒದ್ದೆ ಮಾಡುವುದರಿಂದ ಒಣಗಿಸುವ ತನಕ ಸೇರಿಸಿದರೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಜನ ಬಿಡುವುದು ಯಾವಾಗಲೂ ಅದೇ ಜಾಗಗಳನ್ನು: ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದು. ಮೂಗು, ಕಣ್ಣು ಮುಟ್ಟುವುದು ಇವೇ. ಪೋಸ್ಟರಿನಲ್ಲಿ ಆರು ಚಿತ್ರಕ್ಕೆ ಜಾಗ ಇಲ್ಲದಿದ್ದರೆ ಇವನ್ನಾದರೂ ಬಿಡಬೇಡಿ. ಕೈ ಒಣಗಿಸುವುದೂ ಮುಖ್ಯ, ಒದ್ದೆ ಕೈಯಿಂದ ಕ್ರಿಮಿ ಹೆಚ್ಚು ಸುಲಭವಾಗಿ ದಾಟುತ್ತದೆ. ಹಾಗಂತ ಬೇಸಿನ್ ಪಕ್ಕ ಎಲ್ಲರಿಗೂ ಒಂದೇ ಟವೆಲ್ ತೂಗುಹಾಕಬೇಡಿ. ಬೆಳಗ್ಗೆ ಒಬ್ಬರು ಅರ್ಧಂಬರ್ಧ ತೊಳೆದ ಕೈ ಒರೆಸಿದರೆ ಸಂಜೆ ತನಕ ಎಲ್ಲರಿಗೂ ಅದರ ಪಾಲು ಸಿಗುತ್ತದೆ. ಕೈ ಕೊಡವಿ ಗಾಳಿಗೆ ಆರಿಸಿದರೆ ಸಾಕು.

ನಿಮ್ಮ ನಳದ ಲೆಕ್ಕ ನೋಡೋಣ. ನೂರು ರೋಗಿಗಳು, ಅವರ ಜೊತೆ ಬಂದವರು. ಎಲ್ಲರೂ ಕೈ ತೊಳೆಯುತ್ತಾರೆ ಅಂತ ಇಟ್ಟುಕೊಳ್ಳುವುದು ಬೇಡ. ದಿನಕ್ಕೆ 60 ಸಲ ಕೈ ತೊಳೆದರೂ ಒಳ್ಳೆಯ ಶುರು. ಉಜ್ಜುವಾಗ ನಳ ಬಂದ್ ಮಾಡಿದರೆ ಒಂದು ಸಲಕ್ಕೆ ಅರ್ಧ ಲೀಟರ್ ನೀರು ಸಾಕು. ಅಂದರೆ 30 ಲೀಟರ್. ಕೆಳಗೆ ನಳ ಇರುವ 20 ಲೀಟರಿನ ಎರಡು ಡ್ರಮ್ಮು ಮುಂಜಾನೆ ನೀರು ಬಂದಾಗ ತುಂಬಿಸಿಟ್ಟರೆ ದಿನ ಕಳೆಯುತ್ತದೆ. ಡ್ರಮ್ಮನ್ನು ಸ್ಟೂಲಿನ ಮೇಲಿಟ್ಟು ಕೆಳಗೆ ಒಂದು ಬಕೀಟು ಇಡಿ. ತಂಬಿಗೆ ಅದ್ದಿ ನೀರು ತೆಗೆಯುವ ತೆರೆದ ಬಕೀಟು ಬೇಡವೇ ಬೇಡ. ಕೊಳೆ ಕೈಯ ಬೆರಳು ಪ್ರತಿ ಸಲ ನೀರಿಗೆ ಮುಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ತೊಳೆಯುವ ನೀರೇ ಕೊಳೆ ಆಗಿರುತ್ತದೆ.

ಬೇಸಿನ್ ಮೇಲೆ ಇಟ್ಟ ಸೋಪು ಮಾಯ ಆಗುತ್ತದೆ ಅಂತ ಎಲ್ಲ ದವಾಖಾನೆಗಳಲ್ಲೂ ದೂರು ಇದೆ. ಅದಕ್ಕೆ ಅಗ್ಗದ ದಾರಿ ಸೋಪು ನೀರು. ಒಂದೂವರೆ ಲೀಟರಿನ ಖಾಲಿ ನೀರಿನ ಬಾಟಲಿಗೆ ಬಟ್ಟೆ ಒಗೆಯುವ ಪುಡಿ 30 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ, ಹಾಕಿ ನೀರು ತುಂಬಿ ಕಲಸಿ. ಮುಚ್ಚಳಕ್ಕೆ ಒಂದು ತೂತು ಮಾಡಿ. ಬಾಟಲಿ ಹಿಸುಕಿದರೆ ಅಂಗೈಗೆ ಸೋಪು ನೀರು ಬರುತ್ತದೆ. ಇದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಎರಡು ಎಚ್ಚರಿಕೆ: ಬಾಟಲಿ ಮೇಲೆ "ಕುಡಿಯುವ ನೀರಲ್ಲ, ಕೈ ತೊಳೆಯುವ ಸೋಪು" ಅಂತ ದಪ್ಪಗೆ ಬರೆದು ದಾರದಿಂದ ಕಟ್ಟಿಡಿ, ಯಾಕೆಂದರೆ ಅದು ಕುಡಿಯುವ ನೀರಿನ ಬಾಟಲಿಯೇ. ಮತ್ತು ದಿನವಿಡೀ ಅದರಲ್ಲೇ ಕೈ ತೊಳೆಯುವ ನಿಮ್ಮ ಸಿಬ್ಬಂದಿಗೆ ಒಗೆಯುವ ಪುಡಿಯಿಂದ ಚರ್ಮ ಒಡೆಯಬಹುದು. ಅವರಿಗೆ ಸಾದಾ ಸೋಪೇ ಇರಲಿ.

ಡ್ರಮ್ಮಿನ ವಿಷಯದಲ್ಲಿ ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶೇಖರಿಸಿಟ್ಟ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಕೆಮ್ಮಿನ ಜ್ವರ ತಡೆಯಲು ಇಟ್ಟ ಡ್ರಮ್ಮು ದವಾಖಾನೆಯ ಒಳಗೇ ಡೆಂಗಿ ಸಾಕುವ ಹಾಗೆ ಆಗಬಾರದು. ಮುಚ್ಚಳ ಬಿಗಿಯಾಗಿರಲಿ. ವಾರಕ್ಕೊಂದು ದಿನ ಗೊತ್ತು ಮಾಡಿ ಡ್ರಮ್ಮು ಪೂರ್ತಿ ಖಾಲಿ ಮಾಡಿಸಿ. ಸುಮ್ನೆ ನೀರು ಚೆಲ್ಲಿದರೆ ಆಗಲ್ಲ, ಮೊಟ್ಟೆಗಳು ನೀರಿನ ಅಂಚಿನಲ್ಲಿ ಒಳಗೋಡೆಗೆ ಅಂಟಿರುತ್ತವೆ. ಬ್ರಷ್ಷಿನಿಂದ ಒಳಗೋಡೆ ತಿಕ್ಕಿಸಬೇಕು. ಕೆಳಗಿನ ಬಕೀಟು ದಿನಾ ಸಂಜೆ ಖಾಲಿ ಆಗಲಿ.

ಸ್ಯಾನಿಟೈಸರ್ ಸಾಕಾ ಅಂದರೆ, ಪೂರಕವಾಗಿ ಸಾಕು, ಸೋಪಿನ ಬದಲಿಗೆ ಅಲ್ಲ. ಆಲ್ಕೋಹಾಲ್ ಕನಿಷ್ಠ 60% ಇದ್ದರೆ ಫ್ಲೂ ವೈರಸ್ಸಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಲದಿಂದ ನೇರ ಬಂದ ಮಣ್ಣಿನ ಕೈ, ಎಣ್ಣೆ ಕೈ, ವಾಂತಿ-ಭೇದಿ ಮುಟ್ಟಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಸಲಕ್ಕೆ ಸುಮಾರು 3 ಮಿಲಿ ಬೇಕು, ಕೈಯೆಲ್ಲ ಒದ್ದೆಯಾಗಿ 20ರಿಂದ 30 ಸೆಕೆಂಡು ಉಜ್ಜುವಷ್ಟು. ಆ ಲೆಕ್ಕದಲ್ಲಿ ಅರ್ಧ ಲೀಟರಿನ ಬಾಟಲಿ ಸುಮಾರು 160 ಸಲ ಬರುತ್ತದೆ. ಬಾಟಲಿ ಬೇಗ ಮುಗಿಯುತ್ತದೆ ಅಂತ ಅದಕ್ಕೆ ನೀರು ಬೆರೆಸುವುದನ್ನು ಅಲ್ಲಲ್ಲಿ ನೋಡಿದ್ದೇನೆ. ನೀರು ಬೆರೆಸಿ 60%ಗಿಂತ ಕೆಳಗೆ ಇಳಿದ ಸ್ಯಾನಿಟೈಸರ್ ಬರೀ ವಾಸನೆ ಬರುವ ನೀರು. ಬಾಟಲಿಯನ್ನು ಚೀಟಿ ಕೌಂಟರ್ ಹತ್ತಿರ, ನಿಮ್ಮ ಕಣ್ಣಿಗೆ ಬೀಳುವ ಕಡೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಹೆಬ್ಬೆಟ್ಟು ಒತ್ತುವವರು, ಪೆನ್ನು ಮುಟ್ಟುವವರು ಅಲ್ಲೇ ಹಚ್ಚಿಕೊಳ್ಳಲಿ. ಬಿಸಿಲು, ಬೆಂಕಿಯಿಂದ ದೂರ ಇರಲಿ.

ಈಗ ಬರಹ. ಒಂದು ದೊಡ್ಡ ಪೋಸ್ಟರ್ ಬೇಡ, ಮೂರು ಚಿಕ್ಕವು ಮಾಡಿ. ಒಂದೊಂದೂ ಆ ಕೆಲಸ ಆಗುವ ಜಾಗದಲ್ಲೇ ಇರಲಿ. ಬೇಸಿನ್ ಹತ್ತಿರ ನಿಂತವರಿಗೆ ಕೆಮ್ಮಿನ ಪಾಠ ಬೇಕಿಲ್ಲ, ಬೆಂಚಿನಲ್ಲಿ ಕೂತವರಿಗೆ ಬೆರಳ ಸಂದಿನ ಚಿತ್ರ ಕಂಡರೂ ಮಾಡಲು ಆಗುವುದಿಲ್ಲ.

ಚೀಟಿ ಬರೆಸುವ ಕಿಟಕಿಯ ಪಕ್ಕಕ್ಕೆ:

ಕೆಮ್ಮು, ನೆಗಡಿ ಇದೆಯಾ?
ಚೀಟಿ ಬರೆಯುವವರಿಗೆ ಹೇಳಿ.
ಮಾಸ್ಕ್ ಇಲ್ಲೇ ಕೊಡುತ್ತೇವೆ. ಮೂಗು, ಬಾಯಿ ಎರಡೂ ಮುಚ್ಚಿ.
ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತುಕೊಳ್ಳಿ.
ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಅದನ್ನೂ ಹೇಳಿ. ಕಫದ ಪರೀಕ್ಷೆ ಉಚಿತ.

ಬೆಂಚಿನ ಎದುರಿನ ಗೋಡೆಗೆ:

ಕೆಮ್ಮು, ಸೀನು ಬಂದಾಗ
ಮುಖ ಪಕ್ಕಕ್ಕೆ ತಿರುಗಿಸಿ.
ಸೆರಗು, ಟವೆಲ್, ದಸ್ತಿ ಅಥವಾ ಮೊಣಕೈಯನ್ನು ಬಾಯಿಗೆ ಮೂಗಿಗೆ ಒತ್ತಿ ಹಿಡಿಯಿರಿ.
ಅದೇ ಬಟ್ಟೆಯಿಂದ ಮಗುವಿನ ಮುಖ ಒರೆಸಬೇಡಿ.
ಅಂಗೈಗೆ ಕೆಮ್ಮಿದರೆ ಕೈ ತೊಳೆಯಿರಿ. ನೀರು, ಸೋಪು ಬಲಗಡೆ ಮೂಲೆಯಲ್ಲಿದೆ.

ಡ್ರಮ್ಮಿನ ಮೇಲಿನ ಗೋಡೆಗೆ:

ಸೋಪು ಹಚ್ಚಿ, ನಳ ಬಂದ್ ಮಾಡಿ, ನಿಧಾನಕ್ಕೆ 20 ಎಣಿಸಿ
ಅಂಗೈ. ಕೈ ಹಿಂಭಾಗ. ಬೆರಳ ಸಂದು.
ಹೆಬ್ಬೆರಳು. ಬೆರಳ ತುದಿ, ಉಗುರು.
ನಳ ಬಿಟ್ಟು ತೊಳೆಯಿರಿ. ಕೊಡವಿ, ಗಾಳಿಗೆ ಆರಿಸಿ.

"ಬಲಗಡೆ ಮೂಲೆ" ಅನ್ನುವುದನ್ನು ನಿಮ್ಮ ಕಟ್ಟಡಕ್ಕೆ ತಕ್ಕ ಹಾಗೆ ಬದಲಿಸಿ, ಆದರೆ ಜಾಗ ಹೇಳುವುದನ್ನು ಬಿಡಬೇಡಿ. ಮಾಸ್ಕ್ ಖಾಲಿಯಾದ ದಿನ "ಮಾಸ್ಕ್ ಇಲ್ಲೇ ಕೊಡುತ್ತೇವೆ" ಅನ್ನುವ ಸಾಲಿನ ಮೇಲೆ ಕಾಗದ ಅಂಟಿಸಿ. ಬಳಸಿದ ಮಾಸ್ಕ್ ಹಾಕಲು ಹೋಗುವ ಬಾಗಿಲ ಹತ್ತಿರ ಮುಚ್ಚಳ ಇರುವ ಡಬ್ಬಿ, ಅದರೊಳಗೆ ಹಳದಿ ಚೀಲ ಇರಲಿ. ಗುಟ್ಕಾ ಉಗುಳುವುದರ ಬಗ್ಗೆ ಬೇರೆ ಸಾಲು ಸೇರಿಸಿಲ್ಲ. ಅದನ್ನು ಸೇರಿಸಿದರೆ ಇದು ಬೈಗುಳದ ಬೋರ್ಡ್ ಆಗುತ್ತದೆ. ಅದಕ್ಕೆ ಹೊರಗಿನ ಮೆಟ್ಟಿಲ ಹತ್ತಿರ ಬೇರೆ ಬರೆಯಿರಿ.

ಚೀಟಿ ಕಿಟಕಿಯ ಮೇಲೆ ಕೆಂಪು ಅಕ್ಷರದಲ್ಲಿ ಇನ್ನೊಂದು ಪಟ್ಟಿ ಬೇಕು: "ಉಸಿರಾಟ ಕಷ್ಟ, ಎದೆ ನೋವು, ರಕ್ತ ಬೀಳುವುದು, ಫಿಟ್ಸ್, ಎಚ್ಚರ ತಪ್ಪುವುದು, ಮಗು ಹಾಲು ಕುಡಿಯದಿರುವುದು ಅಥವಾ ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು: ಸಾಲಿನಲ್ಲಿ ನಿಲ್ಲಬೇಡಿ, ನೇರ ಒಳಗೆ ಬನ್ನಿ." ಇದು ಕೈ ತೊಳೆಯುವ ವಿಷಯ ಅಲ್ಲ. ಆದರೂ ಜ್ವರದ ದಿನಗಳಲ್ಲಿ ಗೋಡೆಯ ಮೇಲೆ ಒಂದೇ ಒಂದು ಬರಹಕ್ಕೆ ಜಾಗ ಇದ್ದರೆ ನಾನು ಇದನ್ನೇ ಹಾಕಿಸುತ್ತೇನೆ.

ಅಕ್ಷರದ ಗಾತ್ರವನ್ನು ಊಹೆಗೆ ಬಿಡಬೇಡಿ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಒಂದು ಇಂಚು ಎತ್ತರ ಇರಬೇಕು, ತಲೆಬರಹ ಅದರ ಎರಡು ಪಟ್ಟು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಅಲಂಕಾರದ ಅಕ್ಷರ ಬೇಡ. ಹೊಳೆಯುವ ಫ್ಲೆಕ್ಸ್ ಕಿಟಕಿಯ ಎದುರು ಕಟ್ಟಿದರೆ ಬೆಳಕು ಬಿದ್ದು ಅರ್ಧ ಕಾಣುವುದಿಲ್ಲ. ಕೂತವರು ಓದಬೇಕಾದದ್ದು ಕೂತವರ ಕಣ್ಣಿನ ಎತ್ತರದಲ್ಲಿ, ಅಂದರೆ ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇರಲಿ.

ನಿಮ್ಮಲ್ಲಿಗೆ ಉರ್ದು ಓದುವವರು ಬರುತ್ತಾರೆ, ತೆಲುಗು ಮಾತಾಡುವವರು ಬರುತ್ತಾರೆ, ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ. ಓದಲು ಬಾರದವರೂ ಇದ್ದಾರೆ. ಎಲ್ಲ ಭಾಷೆಯನ್ನೂ ಒಂದೇ ಹಾಳೆಗೆ ತುರುಕಿದರೆ ಯಾರಿಗೂ ಕಾಣುವುದಿಲ್ಲ. ಕನ್ನಡ ಮತ್ತು ಉರ್ದುವಿನ ಹಾಳೆ ಬೇರೆ ಬೇರೆ ಇರಲಿ, ಚಿತ್ರ ಒಂದೇ ಇರಲಿ. ಚಿತ್ರಗಳನ್ನು ಅಡ್ಡಸಾಲಿನಲ್ಲಿ ಹಾಕಬೇಡಿ. ಕನ್ನಡ ಓದುವವರು ಎಡದಿಂದ ನೋಡುತ್ತಾರೆ, ಉರ್ದು ಓದುವವರು ಬಲದಿಂದ, ಅವರಿಗೆ ಕೈ ತೊಳೆಯುವ ಕ್ರಮ ತಿರುವುಮುರುವು ಆಗುತ್ತದೆ. ಮೇಲಿನಿಂದ ಕೆಳಗೆ ಹಾಕಿದರೆ ಎಲ್ಲರಿಗೂ ಒಂದೇ. ಇನ್ನು ತಪ್ಪು ಕೆಲಸದ ಚಿತ್ರ ಬರೆದು ಅದರ ಮೇಲೆ ಗುಣಿಸುವ ಗುರುತು ಹಾಕುವ ಅಭ್ಯಾಸ ಬಿಡಿ. ಓದು ಕಡಿಮೆ ಇರುವವರು ಚಿತ್ರವನ್ನೇ ನೋಡುತ್ತಾರೆ, ಗುರುತನ್ನಲ್ಲ. ಅಂಗೈಗೆ ಕೆಮ್ಮುವ ಚಿತ್ರ ಕಂಡರೆ ಹಾಗೆಯೇ ಮಾಡಬೇಕು ಅಂತ ತಿಳಿಯುವವರು ಇದ್ದಾರೆ.

ಫ್ಲೆಕ್ಸ್ ಮಾಡಿಸುವ ಮೊದಲು ಮೂರನ್ನೂ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದು ಅಂಟಿಸಿ. ಬೆಂಚಿನಲ್ಲಿ ಕೂತ ಹತ್ತು ಜನರನ್ನು ಕೇಳಿ. "ಅರ್ಥ ಆಯ್ತಾ ಅಕ್ಕಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಇದರಲ್ಲಿ ನಿಮಗೆ ಏನು ಮಾಡು ಅಂತ ಹೇಳಿದೆ, ಮಾಡಿ ತೋರಿಸಿ" ಅನ್ನಿ. ಅವರಲ್ಲಿ ಓದು ಬಾರದ ಅಜ್ಜಿ ಒಬ್ಬರು, ಕೂಸು ಎತ್ತಿಕೊಂಡ ತಾಯಿ ಒಬ್ಬರು, ಶಾಲೆಗೆ ಹೋಗುವ ಹುಡುಗ ಒಬ್ಬ ಇರಲಿ. ಇಬ್ಬರಿಗಿಂತ ಹೆಚ್ಚು ಜನ ಒಂದೇ ಸಾಲಿನಲ್ಲಿ ತಪ್ಪಿದರೆ ತಪ್ಪು ಆ ಸಾಲಿನದ್ದು, ಬದಲಿಸಿ.

ಪೋಸ್ಟರ್ ಹಾಕುವ ಮೊದಲು ಒಂದು ದಿನ ಅರ್ಧ ತಾಸು ಕೂತು ಎಣಿಸಿಟ್ಟುಕೊಳ್ಳಿ: ಎಷ್ಟು ಜನ ಕೆಮ್ಮಿದರು, ಅವರಲ್ಲಿ ಎಷ್ಟು ಜನ ಬಟ್ಟೆಗೋ ಮೊಣಕೈಗೋ ಕೆಮ್ಮಿದರು. ವಾರ ಬಿಟ್ಟು ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ. ಕೈ ತೊಳೆದದ್ದು ಎಷ್ಟು ಅಂತ ಎಣಿಸುವುದು ಕಷ್ಟ, ಅದಕ್ಕೆ ಸೋಪು ನೀರಿನ ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿ ಸಂಜೆ ಎಷ್ಟು ಇಳಿಯಿತು ನೋಡಿ. ಬಾಟಲಿ ಇಳಿಯದೆ ಡ್ರಮ್ಮಿನ ನೀರು ಮಾತ್ರ ಇಳಿದರೆ ಜನ ಬರೀ ನೀರಿನಲ್ಲಿ ತೊಳೆಯುತ್ತಿದ್ದಾರೆ ಅಂತ ತಿಳಿಯಿರಿ. ಆಗ ಪೋಸ್ಟರ್ ತಿದ್ದುವ ಮೊದಲು ಬಾಟಲಿ ಇರುವ ಜಾಗ ನೋಡಿ. ಹೆಚ್ಚಿನ ಸಲ ಅದು ಡ್ರಮ್ಮಿನ ಹಿಂದೆ, ಕಾಣದ ಕಡೆ ಇರುತ್ತದೆ. ನಳದ ಎದುರಿಗೇ ಕಟ್ಟಿದರೆ ಎರಡೇ ದಿನದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.